ಗಿರವಿಗೆ ಹೋದ ಎರಡೆಳೆ ಸರ

ಆ ಬೀದಿಯ ಮಕ್ಕಳೆಲ್ಲ ಅವಳನ್ನು ಯೂನಿಫಾರಂ ಅಕ್ಕ ಎಂದು ಕರೆಯುತ್ತಿದ್ದರು. ಮಕ್ಕಳಿರಲಿ, ಅವರ ಅಪ್ಪ ಅಮ್ಮಂದಿರೂ ಹಾಗೇ ಕರೆಯುತ್ತಿದ್ದರು. ಕೊನೆಗೆ ಕರೆಂಟ್ ಬಿಲ್ಲು ಕೊಡಲು ಬರುವವನೂ ಬಾಗಿಲಲ್ಲಿ ನಿಂತು "ಯೂನಿಫಾರಂ ಅಕ್ಕಾ" ಎಂದೇ ಕೂಗುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್, ಅಂಚು ಹೊಡೆಯುವ ಮಿಷನ್ ಒಂದು, ಗೋಡೆಗೆ ಆನಿಸಿದ ಕಟಿಂಗ್ ಮೇಜು. ಮೇಜಿನ ಹಿಂದೆ ಅವಳ ಗಂಡ. ಬಟ್ಟೆ ಕತ್ತರಿಸುವುದು ಅವನ ಕೆಲಸ, ಹೊಲಿಯುವುದು ಅವಳ ಕೆಲಸ, ಮಾತಾಡುವುದು ಎರಡೂ ಪಾಲು ಅವಳದೇ. ಅವನ ಬಾಯಿಂದ ಒಂದು ಮಾತು ಬರಬೇಕಾದರೆ ಮೊದಲು ಕತ್ತರಿ ಕೆಳಗಿಡಬೇಕು, ಆಮೇಲೆ ಚಾಕ್‌ಪೀಸು ಕಿವಿಗೆ ಸಿಕ್ಕಿಸಬೇಕು, ಆಮೇಲೆ ಯೋಚನೆ ಮಾಡಬೇಕು. ಅಷ್ಟರಲ್ಲಿ ಇವಳು ಎರಡು ಕಾಲರ್ ಮುಗಿಸಿರುತ್ತಿದ್ದಳು.

ಮೂರು ಶಾಲೆಗಳ ಯೂನಿಫಾರಂ ಅವರದು. ಕೇಳಿದವರಿಗೆ ಒಳ್ಳೆಯ ವ್ಯಾಪಾರ ಎನ್ನಿಸಬೇಕು. ಆದರೆ ಅದರ ಕಷ್ಟ ಹೊಲಿದವರಿಗೇ ಗೊತ್ತು. ಶಾಲೆ ತೆರೆಯುವ ಎರಡು ತಿಂಗಳ ಮೊದಲೇ ಬಟ್ಟೆ ಬೇಕು, ನೂಲು ಬೇಕು, ಗುಂಡಿ, ಜಿಪ್ಪು ಬೇಕು. ಬಟ್ಟೆ ಅಂಗಡಿಯವರು ಉದ್ರಿ ಎಂದರೆ ಮುಖ ತಿರುಗಿಸುತ್ತಾರೆ. ಶಾಲೆಯವರೋ, ಮಕ್ಕಳು ಅಂಗಿ ಹಾಕಿ, ಮಣ್ಣು ಮಾಡಿ, ಒಂದು ಗುಂಡಿ ಕಿತ್ತುಕೊಂಡ ಮೇಲೆ ದುಡ್ಡು ಕೊಡುತ್ತಾರೆ. ಈ ಎರಡರ ನಡುವಿನ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ಅವಳ ಅತ್ತೆಯ ಕುತ್ತಿಗೆಯಲ್ಲಿದ್ದ ಎರಡೆಳೆ ಸರ.

ಅತ್ತೆ ಎಂದರೆ ಎಲ್ಲರ ಮನೆಯ ಅತ್ತೆ ಅಲ್ಲ. ಬಾಯಿ ಜೋರು, ಕೈ ದೊಡ್ಡದು. ಸೊಸೆ ಮೊದಲ ವರ್ಷ ದುಡ್ಡಿಗಾಗಿ ತಲೆ ಮೇಲೆ ಕೈ ಹೊತ್ತು ಕೂತಾಗ ತಾನೇ ಸರ ಬಿಚ್ಚಿ ಮಿಷನ್ ಮೇಲೆ ಇಟ್ಟವಳು.

"ತಗೋ ಹುಡುಗಿ. ನನ್ನ ಕುತ್ತಿಗೇಲಿ ಸುಮ್ನೆ ಜೋತಾಡ್ತಾ ಇದೆ. ಹೋಗಿ ನಾಲ್ಕು ತಿಂಗಳು ದುಡಿದು ಬರ್ಲಿ."

"ಅತ್ತೆ, ಜನ ಏನಂತಾರೆ?"

"ಏನಂತಾರೆ? ಸೊಸೆ ಕುತ್ತಿಗೆ ಹಿಡಿದು ಕಿತ್ಕೊಂಡ್ಳು ಅಂತಾರೆ. ಅನ್ಲಿ ಬಿಡು, ಅವರ ಬಾಯಿಗೆ ನೀನು ಹೊಲಿಗೆ ಹಾಕೋಕಾಗುತ್ತಾ?"

ಚಿನ್ನ ಯಾರದೋ ಅವರೇ ಬಂದು ಸಹಿ ಮಾಡಬೇಕು. ಹಾಗಾಗಿ ಸಾಲ ಅತ್ತೆಯ ಹೆಸರಲ್ಲೇ. ಇಬ್ಬರೂ ಆಟೋ ಹತ್ತಿ ಬಸ್‌ಸ್ಟ್ಯಾಂಡ್ ಹತ್ತಿರದ ಚಿನ್ನದ ಸಾಲದ ಆಫೀಸಿಗೆ ಹೋಗುವುದು, ಗಾಜಿನ ಬಾಗಿಲು ತಳ್ಳಿದ ಕೂಡಲೇ ಅತ್ತೆ "ಅಬ್ಬಾ, ಎಂಥಾ ಚಳಿ ಇಟ್ಟಿದ್ದೀರಪ್ಪಾ" ಎಂದು ಸೆರಗು ಹೊದೆಯುವುದು, ವರ್ಷವೂ ನಡೆಯುತ್ತಿತ್ತು.

ಒಳಗೆ ಮೂಲೆಯ ಮೇಜಿನಲ್ಲಿ ಚಿನಿವಾರರು ಕೂತಿರುತ್ತಿದ್ದರು. ಒಡವೆಯ ಮಟ್ಟ ನೋಡಿ ಹೇಳುವುದು ಅವರ ಕೆಲಸ. ವಾರದಲ್ಲಿ ಮೂರು ದಿನ ಈ ಆಫೀಸು, ಮೂರು ದಿನ ಬೇರೆ ಆಫೀಸು. ಅವರ ಮೊಮ್ಮಗಳ ಲಂಗವೂ ಯೂನಿಫಾರಂ ಅಕ್ಕನ ಕೈಯದೇ. ಆದರೆ ಮೇಜಿನ ಮುಂದೆ ಅವರಿಗೆ ಯಾವ ಪರಿಚಯವೂ ಇಲ್ಲ. ಸರವನ್ನು ಕರಿಯ ಒರೆಗಲ್ಲಿನ ಮೇಲೆ ಉಜ್ಜಿ, ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟು, ಕಣ್ಣು ಸಣ್ಣ ಮಾಡಿ ನೋಡುತ್ತಿದ್ದರು. "ಇಪ್ಪತ್ತೆರಡು ಕ್ಯಾರೆಟ್ಟೇ" ಎಂದು ತೂಕಕ್ಕೆ ಹಾಕುತ್ತಿದ್ದರು. ನಲವತ್ತು ಗ್ರಾಂ ತೋರಿಸುತ್ತಿತ್ತು.

"ನಲವತ್ತು," ಎಂದು ಅತ್ತೆ ಗೆದ್ದವಳಂತೆ ಸೊಸೆಯ ಕಡೆ ನೋಡುತ್ತಿದ್ದಳು.

"ಮೂವತ್ತಾರು ಬರ್ಕೋತೀನಮ್ಮ," ಎನ್ನುತ್ತಿದ್ದರು ಚಿನಿವಾರರು. "ಪದಕದ ಕೆಂಪು ಕಲ್ಲು ಚಿನ್ನ ಅಲ್ಲ. ಗುಂಡುಗಳ ಒಳಗೆ ಅರಗು ತುಂಬಿದೆ, ಅದೂ ಚಿನ್ನ ಅಲ್ಲ. ಅದನ್ನೆಲ್ಲ ಕಳೀಬೇಕು."

"ಕಲ್ಲಿಗೆ ನಾನು ದುಡ್ಡು ಕೊಟ್ಟಿಲ್ವಾ? ಮಾಡಿದ ಕೂಲಿ ಕೊಟ್ಟಿಲ್ವಾ? ವೇಸ್ಟೇಜು ಅಂತ ಬೇರೆ ಕಿತ್ಕೊಂಡಿದ್ರಲ್ಲ!"

"ಕೊಟ್ಟಿದ್ದೀರಿ. ಅದು ಕೊಂಡಾಗಿನ ಲೆಕ್ಕ. ಇಲ್ಲಿ ಕರಗಿಸಿದ್ರೆ ಎಷ್ಟು ಚಿನ್ನ ಸಿಗುತ್ತೋ ಅಷ್ಟಕ್ಕೇ ಬೆಲೆ."

"ಕರಗಿಸೋ ಮಾತು ಯಾಕಪ್ಪಾ ಆಡ್ತೀಯ, ಒಳ್ಳೆ ಹೊತ್ತಲ್ಲಿ," ಎಂದು ಅತ್ತೆ ಗದರುತ್ತಿದ್ದಳು. ಚಿನಿವಾರರು ಬಾಯೊಳಗೇ ನಗುತ್ತಿದ್ದರು.

ಆ ಮೂವತ್ತಾರು ಗ್ರಾಮಿನ ಬೆಲೆಯಲ್ಲೂ ಮುಕ್ಕಾಲು ಪಾಲೇ ಸಾಲ. ಗ್ರಾಮಿಗೆ ಇಂತಿಷ್ಟು ಎನ್ನುವುದೂ ಅವತ್ತು ಒಡವೆ ಅಂಗಡಿಯ ಬೋರ್ಡಿನಲ್ಲಿ ಬರೆದ ದರವಲ್ಲ. ಹಿಂದಿನ ಮೂವತ್ತು ದಿನದ ಸರಾಸರಿ ಮತ್ತು ಹಿಂದಿನ ದಿನದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೊದಲ ಸಲ ಯೂನಿಫಾರಂ ಅಕ್ಕನಿಗೆ ಇದು ಶುದ್ಧ ಮೋಸ ಎನ್ನಿಸಿತ್ತು. ಮನೆಗೆ ಬಂದು ಹೊಲಿಯುತ್ತ ಕೂತಾಗ ಅರ್ಥವಾಯಿತು. ಅವಳೂ ಅಂಗಿಯ ಬದಿಯಲ್ಲಿ ಒಂದು ಬೆರಳು ಬಟ್ಟೆ ಒಳಗೆ ಬಿಡುತ್ತಾಳಲ್ಲ, ಮಗು ದಪ್ಪ ಆದರೆ ಇರಲಿ ಅಂತ. ಅವರೂ ಹಾಗೇ ಕಾಲು ಪಾಲು ಬಿಟ್ಟಿದ್ದಾರೆ. ಬಡ್ಡಿ ಬೆಳೆದರೂ, ಚಿನ್ನದ ಬೆಲೆ ಇಳಿದರೂ, ಹರಿಯಬಾರದು.

ಬಡ್ಡಿಯ ಮಾತನ್ನು ಮ್ಯಾನೇಜರು ಪ್ರತಿ ವರ್ಷ ಗಿಣಿಪಾಠದ ಹಾಗೆ ಒಪ್ಪಿಸುತ್ತಿದ್ದ. ತಿಂಗಳು ತಿಂಗಳು ಕಟ್ಟಿದರೆ ನೂರಕ್ಕೆ ಒಂದು. ಮೂರು ತಿಂಗಳು ಬಾಕಿ ಬಿದ್ದರೆ ಒಂದೂವರೆ. ಆರು ದಾಟಿದರೆ ಎರಡು, ಅದೂ ಬಾಕಿ ಬಿದ್ದ ಮೊದಲ ದಿನದಿಂದಲೇ. ಒಂದು ವರ್ಷಕ್ಕೆ ವಾಯಿದೆ. ಅಷ್ಟರೊಳಗೆ ಬಿಡಿಸಿಕೊಳ್ಳಬೇಕು, ಇಲ್ಲವೇ ಬಡ್ಡಿ ಪೂರ್ತಿ ಕಟ್ಟಿ, ಚಿನ್ನ ಮತ್ತೆ ತೂಗಿಸಿ, ಹೊಸದಾಗಿ ಬರೆಸಬೇಕು. ಎರಡೂ ಮಾಡದಿದ್ದರೆ ನೋಟಿಸು, ಪೇಪರಿನಲ್ಲಿ ಜಾಹೀರಾತು, ಹರಾಜು.

"ಹರಾಜಂತೆ!" ಎಂದು ಅತ್ತೆ ಆಟೋದಲ್ಲಿ ನಗುತ್ತಿದ್ದಳು. "ನನ್ನ ಸೊಸೆ ಇರೋವಾಗ?"

ಆ ಮಾತು ಸುಳ್ಳಾಗಿರಲಿಲ್ಲ. ಶಾಲೆ ತೆರೆದು ಎರಡು ಮೂರು ತಿಂಗಳಿಗೆ ದುಡ್ಡು ಬರುತ್ತಿತ್ತು, ಅದೇ ದಿನ ಇಬ್ಬರೂ ಹೋಗಿ ಸರ ಬಿಡಿಸಿ ತರುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದು ತಿಂಗಳ ಬಡ್ಡಿಯನ್ನೂ ಯೂನಿಫಾರಂ ಅಕ್ಕ ತಪ್ಪಿಸಿದವಳಲ್ಲ.

ಇದನ್ನು ಸಹಿಸದವಳು ಒಬ್ಬಳೇ, ನಾದಿನಿ. ಅತ್ತೆಯ ಮಗಳು, ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಹೊಟ್ಟೆಯಲ್ಲಿ ಕಲ್ಮಷವಿಲ್ಲ, ನಾಲಿಗೆಗೆ ಮಾತ್ರ ಲಗಾಮಿಲ್ಲ. ರಜೆಗೆ ಬಂದಾಗೆಲ್ಲ ಅಮ್ಮನ ಬೋಳು ಕುತ್ತಿಗೆ ನೋಡಿ ಉರಿಯುತ್ತಿದ್ದಳು.

"ಅಣ್ಣ, ಅಮ್ಮನ ಸರ ಮತ್ತೆ ಹೋಯ್ತಾ? ನಿಮ್ಮ ವ್ಯಾಪಾರಕ್ಕೆ ಅವಳ ಕುತ್ತಿಗೇನೇ ಬೇಕಾ?"

ಅಣ್ಣ ಕತ್ತರಿ ಕೆಳಗಿಡುತ್ತಿದ್ದ. ಚಾಕ್‌ಪೀಸು ಕಿವಿಗೆ ಸಿಕ್ಕಿಸುತ್ತಿದ್ದ. ಅಷ್ಟರಲ್ಲಿ ಅತ್ತೆಯೇ ಮಗಳ ಬಾಯಿ ಮುಚ್ಚಿಸುತ್ತಿದ್ದಳು. "ನನ್ನ ಕಾಲ ಆದ್ಮೇಲೆ ಅದು ನಿನಗೇ ಕಣೆ. ಅಲ್ಲೀವರೆಗೆ ಅದು ನನ್ನ ಮಾತು ಕೇಳುತ್ತೆ, ನಿನ್ನ ಮಾತಲ್ಲ."

ಆ ವರ್ಷವೂ ಸರ ಎಂದಿನಂತೆ ಹೋಯಿತು. ಶಾಲೆಗಳು ತೆರೆದವು. ಅಂಗಿಗಳು ಹೋದವು, ಗಿಡ್ಡವಾದವು ವಾಪಸು ಬಂದವು. ದುಡ್ಡು ಇನ್ನೇನು ಬರಬೇಕು ಎನ್ನುವಾಗ ಅತ್ತೆಗೆ ಜ್ವರ ಬಂತು. ಸಾಮಾನ್ಯ ಜ್ವರ ಎಂದು ಮಾತ್ರೆ ಕೊಟ್ಟರು. "ಅವಳಿಗೆ ಹೇಳ್ಬೇಡ, ರಜಾ ಹಾಕಿ ಓಡಿ ಬರ್ತಾಳೆ" ಎಂದು ಅತ್ತೆಯೇ ತಡೆದಳು. ಮೂರನೆಯ ದಿನ ಉಸಿರು ಕಟ್ಟಿತು. ಆಸ್ಪತ್ರೆಗೆ ಒಯ್ಯುವಾಗ ಸೊಸೆಯ ಕೈ ಹಿಡಿದುಕೊಂಡು ಆಡಿದ್ದು ಒಂದೇ ಮಾತು. "ಸರ ಬಿಡಿಸಿ ಅವಳ ಕೈಗೆ ಕೊಡು. ನಿನ್ನ ಕೈಯಾರೆ ಕೊಡು." ಆಸ್ಪತ್ರೆಯ ಬಾಗಿಲು ಬರುವ ಮೊದಲೇ ಹೋಗಿಬಿಟ್ಟಳು.

ನಾದಿನಿ ಬಂದಾಗ ಅಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅವಳು ಮುಖ ನೋಡಿದಳು, ಆಮೇಲೆ ಕುತ್ತಿಗೆ ನೋಡಿದಳು. ಅಲ್ಲಿಂದ ಎದ್ದು ನಿಂತು, ಬಂದ ಜನರೆಲ್ಲರ ಎದುರಿಗೆ ಆಡಿದಳು.

"ಬೋಳು ಕುತ್ತಿಗೇಲಿ ಕಳಿಸ್ತಿದ್ದೀರಲ್ಲ ನನ್ನ ಅಮ್ಮನ್ನ. ಜ್ವರ ಅಂತ ಒಂದು ಮಾತು ಹೇಳ್ಲಿಲ್ಲ. ನರ್ಸು ಕಣ್ರೀ ನಾನು, ನರ್ಸು! ಊರಿನವರ ಅಮ್ಮಂದಿರ್ನೆಲ್ಲ ನೋಡ್ಕೋತೀನಿ. ಇನ್ಮೇಲೆ ಈ ಮನೆ ಹೊಸ್ತಿಲು ತುಳಿಯಲ್ಲ ನಾನು."

ಮಣ್ಣು ಮುಗಿದ ಸಂಜೆಯೇ ನಾದಿನಿ ಬಸ್ಸು ಹತ್ತಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಹಿರಿಯರು ಹೇಳುತ್ತಾರೆ. ಆದರೆ ಮೂಗು ಕೊಯ್ದವರೂ ಕೊಯ್ಯಿಸಿಕೊಂಡವರೂ ಇಬ್ಬರೂ ಅಳುತ್ತಿರುತ್ತಾರೆ ಎನ್ನುವುದನ್ನು ಯಾರೂ ಹೇಳುವುದಿಲ್ಲ.

ಹದಿನೈದು ದಿನಕ್ಕೆ ಶಾಲೆಯ ದುಡ್ಡು ಬಂತು. ಯೂನಿಫಾರಂ ಅಕ್ಕ ಅದರಲ್ಲಿ ಒಂದು ನೋಟನ್ನೂ ಮುಟ್ಟದೆ, ಅಸಲು ಬಡ್ಡಿ ಲೆಕ್ಕ ಹಾಕಿ, ಬಟ್ಟೆಯಲ್ಲಿ ಸುತ್ತಿಕೊಂಡು ಆಫೀಸಿಗೆ ಹೋದಳು. ಮೊದಲ ಬಾರಿ ಒಬ್ಬಳೇ. ಸರ ಬಿಡಿಸಿಕೊಂಡು ನೇರವಾಗಿ ನಾದಿನಿಯ ಊರಿನ ಬಸ್ಸು ಹತ್ತುವುದು, ಅವಳು ಬೈದರೆ ಬೈಸಿಕೊಳ್ಳುವುದು, ಕೈಗೆ ಇಟ್ಟು ಬರುವುದು ಎಂದು ತೀರ್ಮಾನ ಮಾಡಿಕೊಂಡಿದ್ದಳು.

ಮ್ಯಾನೇಜರು ಪಾಪ ಒಳ್ಳೆಯವನೇ. ವಿಷಯ ಕೇಳಿ ಲೊಚಗುಟ್ಟಿದ. ಆದರೆ ಅವತ್ತು ಕೌಂಟರಿನ ಮುಂದೆ ಜನವೋ ಜನ.

"ಅಮ್ಮ ಇಲ್ಲ ಅಂದ್ರೆ ಒಡವೆ ಹಾಗೆಲ್ಲ ಕೊಡೋಕಾಗಲ್ಲ ಅಕ್ಕ. ಸಾಲ ಅವರ ಹೆಸರಲ್ಲಿದೆ. ಮರಣ ಪತ್ರ ಬೇಕು. ಅವರ ಮಕ್ಕಳು ಎಷ್ಟು ಜನ?"

"ಇಬ್ರು. ನಮ್ಮೆಜಮಾನ್ರು, ನಾದಿನಿ."

"ಇಬ್ರೂ ಬಂದು ಸಹಿ ಹಾಕ್ಬೇಕು. ಯಾರ ಕೈಗೆ ಕೊಡಬೇಕು ಅಂತ ಇಬ್ರೂ ಒಪ್ಕೊಂಡು ಬರೆದುಕೊಡ್ಬೇಕು. ಎಲ್ಲಾ ಒಟ್ಟಿಗೆ ತನ್ನಿ, ಒಂದೇ ದಿನ ಮುಗಿಸಿಕೊಡ್ತೀನಿ." ಎಂದವನೇ ಮುಂದಿನವರ ಕಡೆ ತಿರುಗಿದ.

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಒಂದು ಮಾತು ಉಳಿಸಿಬಿಟ್ಟ, ಅಷ್ಟೇ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿದ ದುಡ್ಡು ಹಾಗೇ ಮನೆಗೆ ವಾಪಸು ಬಂತು.

ಅವತ್ತು ಸಂಜೆ ಗಂಡ ಹೆಂಡತಿ ಮಾತಾಡಿದ್ದನ್ನು ಕೇಳಿದ್ದರೆ ಯಾರಿಗಾದರೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

"ರೀ, ಬಡ್ಡಿ?"

ಅವನು ಕತ್ತರಿ ಇಟ್ಟ. ಯೋಚಿಸಿದ. "ಸಾಲಗಾರರೇ ಇಲ್ಲ ಅಂದ್ಮೇಲೆ ಯಾರ ಹೆಸರಲ್ಲಿ ಕಟ್ಟೋದು? ಸಹಿ ಆಗೋವರೆಗೆ ಎಲ್ಲಾ ನಿಂತಿರುತ್ತೆ."

"ಹಂಗಾದ್ರೆ ನಿಮ್ಮ ತಂಗಿಗೆ ಫೋನ್ ಮಾಡಿ."

"ಮಾಡ್ತೀನಿ. ಕೋಪ ಇಳೀಲಿ."

ಸಾವು ಬಂದರೆ ಎಲ್ಲ ನಿಲ್ಲುತ್ತದೆ ಎಂದು ಅವನಿಗೆ ಅನ್ನಿಸಿತ್ತು. ಅವನಿಗೆ ನಿಂತೇ ಹೋಗಿತ್ತು. ಆದರೆ ಬಡ್ಡಿಗೆ ಸೂತಕ ಇಲ್ಲ.

ಫೋನು ಇವತ್ತು ನಾಳೆ ಎಂದು ಮುಂದೆ ಹೋಯಿತು. ಅವನಿಗೆ ತಂಗಿಯ ಮಾತಿನ ಭಯ. ಇವಳಿಗೆ ಆ ಚಾಪೆಯ ಪಕ್ಕದಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ಕೈಯಲ್ಲಿ ಸರ ಇಲ್ಲದೆ ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಸರ ಬಿಡಿಸಬೇಕಾದರೆ ಅವಳು ಬರಬೇಕು, ಅವಳನ್ನು ಕರೆಯಬೇಕಾದರೆ ಸರ ಇರಬೇಕು. ಹೀಗೆ ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತಿದ್ದು.

ಮತ್ತೆ ಶಾಲೆ ತೆರೆಯುವ ಕಾಲ ಬಂತು. ಬಟ್ಟೆ ತರಬೇಕು. ಈ ಸಲ ಗಿರವಿ ಇಡಲು ಸರ ಇಲ್ಲ, ಆದರೆ ಸರ ಬಿಡಿಸಲು ಇಟ್ಟ ದುಡ್ಡು ಪೆಟ್ಟಿಗೆಯಲ್ಲಿದೆ. "ಇದೇ ಹಾಕೋಣ, ಶಾಲೆಯವರು ಕೊಟ್ಟ ಕೂಡ್ಲೇ ಮತ್ತೆ ಎತ್ತಿಡೋಣ," ಎಂದಳು ಅವಳು. ನ್ಯಾಯವಾದ ಮಾತೇ. ದುಡ್ಡು ಬಟ್ಟೆಯಾಯಿತು, ಬಟ್ಟೆ ಅಂಗಿಯಾಯಿತು, ಅಂಗಿ ಮಕ್ಕಳ ಮೈಮೇಲೆ ಹೋಯಿತು. ಆ ವರ್ಷ ಶಾಲೆಯವರು ಇನ್ನೂ ತಡ ಮಾಡಿದರು.

ಅಷ್ಟರಲ್ಲಿ ಆಫೀಸಿನಲ್ಲಿ ವಾಯಿದೆ ಮುಗಿದಿತ್ತು. ಹಳೆಯ ಮ್ಯಾನೇಜರು ವರ್ಗವಾಗಿ ಹೋಗಿದ್ದ. ಅತ್ತೆ ತೀರಿಹೋದ ಸುದ್ದಿ ಅವನ ಕಿವಿಗೆ ಬಿದ್ದಿತ್ತೇ ಹೊರತು ಬರಹದಲ್ಲಿ ಎಲ್ಲೂ ಇರಲಿಲ್ಲ, ಎಲ್ಲಾ ಒಟ್ಟಿಗೆ ತನ್ನಿ ಎಂದಿದ್ದನಲ್ಲ, ಒಟ್ಟಿಗೆ ಆಗಲೇ ಇಲ್ಲ. ಹಾಗಾಗಿ ಮೆಸೇಜುಗಳೆಲ್ಲ ಅತ್ತೆಯ ನಂಬರಿಗೇ ಹೋದವು. ಆ ಫೋನು ಅವಳ ಸೀರೆಗಳ ನಡುವೆ ಸತ್ತು ಮಲಗಿತ್ತು. ನೋಟಿಸು ಅತ್ತೆಯ ಹೆಸರಿಗೇ ಬಂತು. ಪೋಸ್ಟ್‌ಮ್ಯಾನ್ ಆ ಬೀದಿಯ ಹಳಬ, ಅತ್ತೆಯ ಮಣ್ಣಿಗೂ ಬಂದಿದ್ದವನು. ತೀರಿಹೋದವರ ಕಾಗದ ತೋರಿಸಿ ಮತ್ತೆ ಯಾಕೆ ಅಳಿಸುವುದು ಎಂದು, 'ವಿಳಾಸದಾರರು ಮರಣ ಹೊಂದಿದ್ದಾರೆ' ಎಂದು ಬರೆದು ಹಾಗೇ ವಾಪಸು ಕಳಿಸಿದ. ಒಳ್ಳೆಯತನವೂ ಒಮ್ಮೊಮ್ಮೆ ಹೀಗೆ ಕೈ ಕೊಡುತ್ತದೆ.

ಒಂದು ಮಧ್ಯಾಹ್ನ ಚಿನಿವಾರರು ಮೊಮ್ಮಗಳ ಲಂಗ ಉದ್ದ ಮಾಡಿಸುವ ನೆಪದಲ್ಲಿ ಬಂದರು. ಲಂಗ ಮೇಜಿನ ಮೇಲಿಟ್ಟು ನಿಂತೇ ಇದ್ದರು.

"ಅಕ್ಕ, ನಾನು ಹೇಳಬಾರದು. ಆದ್ರೂ ಹೇಳ್ತೀನಿ. ಹರಾಜಿಗೆ ಹೋಗೋ ಒಡವೆ ಮತ್ತೆ ತೂಗಿ ಇಟ್ವಿ ಇವತ್ತು. ಅದ್ರಲ್ಲಿ ನಿಮ್ಮ ಅತ್ತೆ ಸರ ಇದೆ. ನಾಡಿದ್ದು ಹರಾಜು."

ಮಿಷನ್ ನಿಂತಿತು.

"ಅದು ಹೆಂಗೆ? ನಾದಿನಿ ಸಹಿ ಇಲ್ಲದೆ ಮುಟ್ಟೋ ಹಾಗಿಲ್ಲ ಅಂದಿದ್ರಲ್ಲ?"

"ಬಿಡಿಸಿಕೊಂಡು ಹೋಗೋಕೆ ಸಹಿ ಬೇಕು."

"ಕಟ್ಟೋಕೆ?"

"ಕಟ್ಟೋಕೆ ಯಾತರ ಸಹಿ ಅಕ್ಕ? ಯಾರು ಬೇಕಾದ್ರೂ ಕಟ್ಟಬಹುದಿತ್ತು. ಬಡ್ಡಿ ಕಟ್ಟಿಕೊಂಡು ಬಂದಿದ್ರೆ ವಾಯಿದೆ ಮುಗಿದ್ರೂ ಮಾತಾಡಿ ತಡೀಬಹುದಿತ್ತು. ಅಸಲೂ ಕಟ್ಟಿಬಿಟ್ಟಿದ್ರೆ ಸಾಲವೇ ತೀರ್ತಿತ್ತು. ಸರ ಮಾತ್ರ ಅಲ್ಲೇ ಲಾಕರ್‌ನಲ್ಲಿ ಭದ್ರವಾಗಿ ಕೂತಿರ್ತಿತ್ತು, ನೀವಿಬ್ರೂ ಬಂದು ಸಹಿ ಹಾಕೋವರೆಗೆ. ಒಂದು ವರ್ಷ ಆಗ್ಲಿ, ಎರಡು ವರ್ಷ ಆಗ್ಲಿ."

ಯೂನಿಫಾರಂ ಅಕ್ಕ ಗಂಡನ ಕಡೆ ನೋಡಿದಳು. ಅವನು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ. ಬಟ್ಟೆಯಲ್ಲಿ ಸುತ್ತಿ ಒಯ್ದ ದುಡ್ಡು, ಹಾಗೇ ಸುತ್ತಿ ತಂದ ದುಡ್ಡು ಅವಳ ಕಣ್ಣ ಮುಂದೆ ಬಂತು. ಅವತ್ತು ಕೌಂಟರಿನ ಮೇಲೆ ಬಿಚ್ಚಿ ಇಟ್ಟು "ತಗೊಳ್ಳಿ" ಎಂದಿದ್ದರೆ ಸಾಕಿತ್ತು. "ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದು ಹಣೆ ಚಚ್ಚಿಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ.

ಸಂಜೆಯೊಳಗೆ ಅವಳು ಆಫೀಸಿನಲ್ಲಿದ್ದಳು. ಹೊಸ ಮ್ಯಾನೇಜರು ಕೂರಿಸಿ ಲೆಕ್ಕ ತೋರಿಸಿದ. ಹನ್ನೊಂದು ತಿಂಗಳ ಬಡ್ಡಿ, ನೂರಕ್ಕೆ ಒಂದಲ್ಲ, ಎರಡು.

"ಬಡ್ಡಿ ಪೂರ್ತಿ ತನ್ನಿ ಅಕ್ಕ, ಮೇಲಿನವರ ಹತ್ರ ಮಾತಾಡಿ ಪಟ್ಟಿಯಿಂದ ತೆಗೆಸ್ತೀನಿ. ಹರಾಜು ಶುರುವಾಗೋ ಗಳಿಗೆವರೆಗೂ ಟೈಮಿದೆ. ಅರ್ಧಂಬರ್ಧ ತಂದ್ರೆ ನನ್ನ ಕೈಲಿ ಆಗಲ್ಲ."

ಮರುದಿನ ಬೆಳಗ್ಗೆಯಿಂದ ಅವಳು ತಿರುಗದ ಬಾಗಿಲಿಲ್ಲ. ಬಟ್ಟೆ ಅಂಗಡಿಯವನು ಹಳೆಯ ಬಾಕಿ ನೆನಪಿಸಿದ. ಶಾಲೆಯ ಗುಮಾಸ್ತ "ಮುಂದಿನ ವಾರ" ಎಂದ. ಎದುರು ಮನೆಯ ಟೀಚರಮ್ಮ ಒಂದಷ್ಟು ಕೊಟ್ಟಳು. ಆಟೋದವನು ತನ್ನ ಆ ದಿನದ ಗಳಿಕೆಯನ್ನೇ ಸುರಿದ. "ಅಜ್ಜಿ ನನ್ನ ಆಟೋದಲ್ಲೇ ಓಡಾಡ್ತಿದ್ರಲ್ಲ ಅಕ್ಕ," ಎಂದ. ಅಂಚಿನ ಮಿಷನ್ನನ್ನು ಕೊಳ್ಳಲು ಒಬ್ಬ ಬಂದು ನೋಡಿ, ಅವಸರದಲ್ಲಿದ್ದಾರೆ ಎಂದು ತಿಳಿದು, ಗುಜರಿಯ ಬೆಲೆ ಹೇಳಿ ಹೋದ.

"ನಿಮ್ಮ ತಂಗಿಗೆ..." ಎಂದಳು ಅವಳು ರಾತ್ರಿ ಊಟದ ತಟ್ಟೆಯ ಮುಂದೆ.

"ಏನಂತ ಹೇಳೋದು? ಅಮ್ಮನ ಸರ ನಾಳೆ ಹರಾಜು, ದುಡ್ಡು ಕೊಡು ಅಂತಲಾ?" ಎಂದ ಅವನು. ಈ ಸಲ ಯೋಚನೆ ಮಾಡಲಿಲ್ಲ, ಥಟ್ಟನೆ ಬಂತು. ಅವಳಿಗೂ ಧೈರ್ಯ ಬರಲಿಲ್ಲ. ಮೊದಲು ಸರ ಉಳಿಸೋಣ, ಆಮೇಲೆ ಹೇಳೋಣ ಎಂದು ಸುಮ್ಮನಾದರು. ಕೇಳಬೇಕಾದವಳೊಬ್ಬಳನ್ನು ಬಿಟ್ಟು ಊರನ್ನೆಲ್ಲ ಕೇಳಿದರು.

ಬೆಳಗಾಗುವಾಗ ಕೈಯಲ್ಲಿ ಸೇರಿದ್ದು ಬೇಕಾದ ಬಡ್ಡಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೂ ಒಯ್ದಳು. ಮ್ಯಾನೇಜರು ಎಣಿಸಿ, ಫೋನಿನಲ್ಲಿ ಯಾರೊಂದಿಗೋ ಮಾತಾಡಿ, ದುಡ್ಡನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿದ. "ಇಟ್ಕೊಳ್ಳಿ ಅಕ್ಕ. ಇದೂ ಹೋಗೋದು ಬೇಡ."

ಹರಾಜು ಅದೇ ಆಫೀಸಿನ ಮಹಡಿಯಲ್ಲಿ. ಠೇವಣಿ ಕಟ್ಟಿದ ಒಡವೆ ವ್ಯಾಪಾರಿಗಳು ಏಳೆಂಟು ಜನ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೀ ಕುಡಿಯುತ್ತ ಕೂತಿದ್ದರು. ಅವಳು ಬಾಗಿಲ ಬಳಿ ನಿಂತಳು. ಯಾರೂ ಬೇಡ ಎನ್ನಲಿಲ್ಲ. ಒಂದೊಂದೇ ಪೊಟ್ಟಣ ಒಡೆದು, ತೂಕ ಹೇಳಿ, ಕೂಗುತ್ತಿದ್ದರು. ಆ ದಿನದ ಬೆಲೆಯ ನೂರಕ್ಕೆ ತೊಂಬತ್ತು ಪಾಲಿಗಿಂತ ಕೆಳಗೆ ಕೊಡುವ ಹಾಗಿಲ್ಲ ಎಂದು ಮೊದಲೇ ಓದಿ ಹೇಳಿದ್ದರು. ಯಾರದೋ ಬಳೆ ಹೋಯಿತು, ಯಾರದೋ ಮಗುವಿನ ಉಂಗುರ ಹೋಯಿತು. ಆಮೇಲೆ ಚಿನಿವಾರರ ಕೈಗೆ ಎರಡೆಳೆ ಸರ ಬಂತು. ಅವರು ತಲೆ ಎತ್ತಲಿಲ್ಲ.

"ಒಟ್ಟು ನಲವತ್ತು. ನಿವ್ವಳ ಮೂವತ್ತಾರು."

ಒಬ್ಬ ವ್ಯಾಪಾರಿ ಪದಕವನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಹಳೇ ಮಾದರಿ, ಕರಗಿಸೋದೇ," ಎಂದು ಪಕ್ಕದವನಿಗೆ ಹೇಳಿದ. ಮೂರು ಸಲ ಕೂಗಿದರು. ಅವನಿಗೇ ಆಯಿತು. ಮುಂದಿನ ಪೊಟ್ಟಣ ಒಡೆದರು. ಯೂನಿಫಾರಂ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಬಂದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಹೊಸ ಮ್ಯಾನೇಜರು ನೀರು ತರಿಸಿ ಕೊಟ್ಟು ಲೆಕ್ಕ ಬಿಡಿಸಿ ಹೇಳಿದ. ಸರ ಇಟ್ಟಾಗ ಅದಕ್ಕೆ ಕಟ್ಟಿದ ಬೆಲೆ ನೂರು ಪಾಲು ಎಂದುಕೊಂಡರೆ, ಎಪ್ಪತ್ತೈದು ಅಸಲು. ಹದಿನಾರೂವರೆ ಬಡ್ಡಿ. ನೋಟಿಸು, ಜಾಹೀರಾತಿನ ಖರ್ಚು ಒಂದೂವರೆ. ಚಿನ್ನದ ಬೆಲೆ ಈಗ ಸ್ವಲ್ಪ ಇಳಿದು, ಮಾರಿದ್ದು ತೊಂಬತ್ತೇಳಕ್ಕೆ.

"ಉಳಿದ ನಾಲ್ಕು ಪಾಲು ನಾವು ಇಟ್ಕೊಳ್ಳೋ ಹಾಗಿಲ್ಲ. ಅದು ವಾರಸುದಾರರದು. ಇಬ್ರೂ ಬಂದು ಸಹಿ ಹಾಕಿ ತಗೊಂಡು ಹೋಗಿ."

ಮೂವತ್ತಾರು ಗ್ರಾಮಿನಲ್ಲಿ ಉಳಿದದ್ದು ಒಂದೂವರೆ ಗ್ರಾಮಿನ ಬೆಲೆಯೂ ಅಲ್ಲ.

ಈಗ ಹೇಳದೆ ವಿಧಿಯಿರಲಿಲ್ಲ. ಅವತ್ತು ಸಂಜೆ ಗಂಡ ನಂಬರು ಒತ್ತಿದ. ಒಂದೇ ರಿಂಗಿಗೆ ಆ ಕಡೆಯಿಂದ "ಅಣ್ಣಾ?" ಎಂದು ಕೇಳಿತು. ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟ. ಅವಳು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಬೈಗುಳ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಕಾದಳು. ಬರಲಿಲ್ಲ.

"ನಾಳೆ ಬರ್ತೀನಿ," ಎಂದಷ್ಟೇ ಹೇಳಿ ನಾದಿನಿ ಫೋನಿಟ್ಟಳು.

ಮರುದಿನ ಆಫೀಸಿನಲ್ಲಿ ಅಣ್ಣ ತಂಗಿ ಒಂದೇ ಮೇಜಿನ ಮುಂದೆ ಕೂತರು. ಅಣ್ಣ ಸಹಿ ಹಾಕಿ ಪೆನ್ನು ತಂಗಿಗೆ ಕೊಟ್ಟ. ಅವಳು ಹಾಕಿದಳು. ಎರಡೂ ಸಹಿ ಒಂದರ ಕೆಳಗೆ ಒಂದು ಬರಲು ಟೀ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಮ್ಯಾನೇಜರು ನಾದಿನಿಯ ಮುಖ ನೋಡಿ ಹುಬ್ಬು ಗಂಟಿಕ್ಕಿದ.

"ನೀವು ಮೊದ್ಲೂ ಒಂದ್ಸಲ ಬಂದಿದ್ರಿ ಅಲ್ವಾ ಸಿಸ್ಟರ್? ಐದಾರು ತಿಂಗಳಾಯ್ತು, ನಾನು ಆಗಷ್ಟೇ ಇಲ್ಲಿಗೆ ಬಂದಿದ್ದೆ. ಅಮ್ಮನ ಒಡವೆ ಬಿಡಿಸ್ಕೋಬೇಕು ಅಂತ?"

"ಬಂದಿದ್ದೆ," ಎಂದಳು ನಾದಿನಿ. "ಅಣ್ಣನ ಸಹೀನೂ ಬೇಕು ಅಂದ್ರಿ."

ಹೊರಗೆ ಮೆಟ್ಟಿಲ ಮೇಲೆ ಬಂದ ಕೂಡಲೇ ಯೂನಿಫಾರಂ ಅಕ್ಕ ನಾದಿನಿಯ ತೋಳು ಹಿಡಿದು ನಿಲ್ಲಿಸಿದಳು.

"ನೀನು ಬಂದಿದ್ಯಾ? ದುಡ್ಡು?"

"ತಂದಿದ್ದೆ ಅತ್ತಿಗೆ. ಚೀಟಿ ಎತ್ತಿ ತಂದಿದ್ದೆ. ಪೂರ್ತಿ ತಂದಿದ್ದೆ. ಬಿಡಿಸಿ ನನ್ನ ಹತ್ರ ಇಟ್ಕೋಬೇಕು ಅಂತಲ್ಲ, ಮತ್ತೆ ಮುಂದಿನ ವರ್ಷ ನಿನಗೆ ಬೇಕಾಗುತ್ತಲ್ಲ ಅಂತ. ಅಣ್ಣ ಬಂದು ಸಹಿ ಹಾಕ್ಲಿ ಅಂದ್ರು. ಸರಿ, ಹೆಂಗೂ ಸಹಿಗೆ ನನ್ನ ಕರೀಲೇಬೇಕು, ಕರೀತೀರಿ ಅಂತ ಕಾದೆ. ಕಟ್ಟಬಹುದು ಅಂತ ಯಾರು ಹೇಳಿದ್ರು ನನಗೆ? ಆ ದುಡ್ಡು ಇನ್ನೂ ಹಂಗೇ ಇದೆ."

ಅಣ್ಣ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

"ನೀನು ಬೈತೀಯ ಅಂತ ಹೆದರಿದ್ವಿ ಕಣೆ," ಎಂದಳು ಯೂನಿಫಾರಂ ಅಕ್ಕ.

"ಬೈತಿದ್ದೆ ಅತ್ತಿಗೆ," ಎಂದಳು ನಾದಿನಿ, ಕಣ್ಣು ಒರೆಸಿಕೊಳ್ಳದೆ. "ಬಾಯಿಗೆ ಬಂದ ಹಾಗೆ ಬೈತಿದ್ದೆ. ಬೈದು, ಮುಂದಿನ ಬಸ್ಸಿಗೇ ಬಂದಿರ್ತಿದ್ದೆ."